ಹೊಸ ಪ್ರತಿನಿಧಿ, ಹಳೇ ಫೋನು

ಮಂಗಳವಾರ ಬೆಳಿಗ್ಗೆ ಹತ್ತೂಕಾಲು. ಕುಷ್ಟಗಿಯ ಹುಲಿಗವ್ವ ಸ್ಮಾರಕ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆ ಕಳಿಸಿದ್ದ ಎರಡನೆಯ ವಿಚಾರಣಾ ನೋಟಿಸಿಗೆ ಉತ್ತರ ಕೊಡಲು ಅಂದೇ ಕಡೆಯ ದಿನ. ಸಂಜೆ ಐದೂವರೆಯವರೆಗೆ ಸಮಯ. ಮೊದಲನೆಯ ನೋಟಿಸು ಬಂದು ಹೋದದ್ದು ಟ್ರಸ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು ಗೊತ್ತಾದದ್ದು ಕಚೇರಿ ನೋಡಿಕೊಳ್ಳುವ ಗಾಳೇಶನೊಬ್ಬನಿಗೆ, ಅದೂ ಆಗಷ್ಟೇ ವಾಟ್ಸ್ಯಾಪಿಗೆ ಬಂದ ಒಂದು ಫೋಟೋದಿಂದ.

ಫೋಟೋ ಕಳಿಸಿದವನು ಕೊಪ್ಪಳದ ಶಫೀಸಾಬ. ಲೆಕ್ಕ ಪರಿಶೋಧಕ ಸುಭಾಷ್ ಅವರ ಕಚೇರಿಯಲ್ಲಿ ಗಾಳೇಶ ಕೆಲಸ ಮಾಡುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಕೂತವನು. ಫೋಟೋದ ಕೆಳಗೆ ಧ್ವನಿ ಸಂದೇಶವೂ ಇತ್ತು.

"ಗಾಳೇಶಣ್ಣ, ಇದು ನಿಮ್ಮ ಟ್ರಸ್ಟಿಂದು ಐತಿ. ಸಾಹೇಬ್ರ ಫೋನ್ ಚಾರ್ಜಿಗೆ ಹಾಕುವಾಗ ಕಂಡೆ. ಕಡೀ ಅವಕಾಶ ಅಂತ ಬರದಾರ ನೋಡು. ನಾ ಕಳಿಸೇನಿ ಅಂತ ಎಲ್ಲೂ ಅನ್ನಬ್ಯಾಡ."

ಗಾಳೇಶ ಎದ್ದು ಕಚೇರಿಯ ಬಾಗಿಲು ಮುಂದಕ್ಕೆ ಎಳೆದುಕೊಂಡ. ಆಚೆ ಹಜಾರದಲ್ಲಿ ಮಕ್ಕಳ ವ್ಯಾಯಾಮ ನಡೆದಿತ್ತು. ಹುಟ್ಟಿನಿಂದಲೇ ಕೈಕಾಲು ಬಿಗಿದ, ಕೂರಲೂ ನಿಲ್ಲಲೂ ಆಗದ ಮಕ್ಕಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಶೋಭಾರಾಣಿ ತಾಯಿಯ ಹೆಸರಿನಲ್ಲಿ ತೆರೆದ ಕೇಂದ್ರ ಅದು. ಈಗಲೂ ಎಲ್ಲರೂ ಅವರನ್ನು ಕರೆಯುವುದು ಸಿಸ್ಟರ್ ಅಂತಲೇ. ಯಲಬುರ್ಗಾ ಕಡೆಯ ಹಳ್ಳಿಗಳ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು, ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅವರನ್ನು ಕರೆತರಲು ವಾಹನ ಕೊಡುವುದಾಗಿ ಒಂದು ಕಂಪನಿ ಒಪ್ಪಿತ್ತು. ಷರತ್ತು ಒಂದೇ: ತೆರಿಗೆ ಇಲಾಖೆಯಲ್ಲಿ ಟ್ರಸ್ಟಿನ ತಾತ್ಕಾಲಿಕ ನೋಂದಣಿ ಕಾಯಂ ಆಗಬೇಕು. ಅದರ ಅರ್ಜಿ ಜೂನ್ ತಿಂಗಳಿಂದ ಬೆಂಗಳೂರಿನ ಆಯುಕ್ತರ ಮುಂದಿತ್ತು. ನೋಟಿಸಿಗೆ ಉತ್ತರ ಹೋಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಇರುವ ತಾತ್ಕಾಲಿಕ ನೋಂದಣಿಯೂ ರದ್ದಾಗುತ್ತದೆ. ಫೋಟೋದಲ್ಲಿ ಆ ಸಾಲು ಮಸುಕಾಗಿದ್ದರೂ ಗಾಳೇಶ ಅದನ್ನು ಮೂರು ಸಲ ಓದಿದ.

ಅವನು ಗಂಗಾವತಿಗೆ ಫೋನ್ ಮಾಡಿದ. ಆಗಸ್ಟಿನಿಂದ ಟ್ರಸ್ಟಿನ ಲೆಕ್ಕ ನೋಡುತ್ತಿದ್ದವಳು ಅಲ್ಲಿಯ ಸಹನಾ. ಸಿ.ಎ. ಮುಗಿಸಿ ಎರಡು ವರ್ಷವಾಗಿತ್ತು.

"ನನಗೇನೂ ಬಂದಿಲ್ಲಲ್ಲ ಗಾಳೇಶಣ್ಣ," ಅಂದಳು. "ಬರೂದೂ ಇಲ್ಲ. ತೆರಿಗೆ ಪೋರ್ಟಲಿನ್ಯಾಗ ನನ್ನನ್ನ ಪ್ರತಿನಿಧಿ ಅಂತ ಸೇರಿಸಿದ್ರ ತಾನ ಕಾಣೂದು?"

"ಲೆಟರ್‌ಹೆಡ್ಡಿನ ಮ್ಯಾಲ ಅಧಿಕಾರ ಪತ್ರ ಕೊಟ್ಟೀವಲ್ರಿ ಮೇಡಂ. ಸಿಸ್ಟರ್ ಸಹಿ, ಸಿಕ್ಕಾ, ಎಲ್ಲಾ ಐತಿ."

"ಕಾಗದ ನನ್ನ ಕಡೆ ಐತಿ. ಪೋರ್ಟಲಿಗೆ ಅದು ಏರಬೇಕಲ್ಲ. ಟ್ರಸ್ಟಿನ ಲಾಗಿನ್‌ದಾಗ ಹೋಗಿ, ನನ್ನ ಹೆಸರು ಸೇರಿಸಿ, ಆ ಕಾಗದ ಅಪ್‌ಲೋಡ್ ಮಾಡಿ, ಓಟಿಪಿ ಹಾಕಬೇಕು. ಆಗಸ್ಟ್‌ನ್ಯಾಗ ಓಟಿಪಿ ಕೇಳಿದೆ. ನಾಳಿ ಕೊಡಸ್ತೀನಿ ಅಂದ್ರಿ. ಸೆಪ್ಟೆಂಬರ್‌ನ್ಯಾಗ ಕೇಳಿದೆ. ಅಮಾಸಿ ಆಗ್ಲಿ ಅಂದ್ರಿ. ಎಷ್ಟು ಅಮಾಸಿ ಆದ್ವು?"

ಸಹನಾಳ ದನಿ ತುಸು ಇಳಿಯಿತು. "ನಂದೂ ತಪ್ಪೈತಿ. ಮೂರನೇ ಸಲ ಕೇಳಬೇಕಿತ್ತು. ಆಡಿಟ್ ಗದ್ದಲದಾಗ ಬಿಟ್ಟೆ."

"ನೀವಿಲ್ಲದ ಟ್ರಸ್ಟಿನವರೇ ಉತ್ತರ ಕೊಡಾಕ ಬರ್ತೈತೇನ್ರಿ?"

"ಬರ್ತೈತಿ. ಟ್ರಸ್ಟಿನ ಲಾಗಿನ್‌ದಿಂದ ಸಿಸ್ಟರ್ ಹೆಸರಿನ್ಯಾಗ ಕೊಡಬಹುದು. ಪಾಸ್‌ವರ್ಡ್ ಐತಿ?"

"ಹಳೇದು ನಡೆಯಂಗಿಲ್ರಿ."

"ಹೊಸಾದು ಮಾಡ್ಕೋಬೇಕಂದ್ರ ಮತ್ತ ಓಟಿಪಿ ಬೇಕು. ಸಿಸ್ಟರ್‌ಗೆ ಡಿಜಿಟಲ್ ಸಹಿ ಮಾಡ್ಸಿಲ್ಲ. ಹೆಂಗ ಹೋದ್ರೂ ಆ ಫೋನಿಗೇ ಹೋಗಿ ನಿಂದ್ರಬೇಕು."

ಆ ಫೋನು ಎಂದರೆ ಯಾವುದೆಂದು ಗಾಳೇಶನಿಗೆ ಹೇಳಬೇಕಾಗಿರಲಿಲ್ಲ. ಕೊಪ್ಪಳ ಜಿಲ್ಲೆಯ ಹತ್ತಾರು ಲೆಕ್ಕದ ಕಚೇರಿಗಳಲ್ಲಿ ಇದ್ದ ಪದ್ಧತಿಯೇ ಸುಭಾಷರ ಕಚೇರಿಯಲ್ಲೂ ಇತ್ತು. ಕಕ್ಷಿದಾರನ ನಂಬರು ಕೊಟ್ಟರೆ ಓಟಿಪಿ ಬಂದ ಹೊತ್ತಿಗೆ ಅವನು ಹೊಲದಲ್ಲೋ ಮದುವೆಯಲ್ಲೋ ಇರುತ್ತಾನೆ ಎಂಬುದು ಸುಭಾಷ್ ಎಲ್ಲರಿಗೂ ಹೇಳುತ್ತಿದ್ದ ಕಾರಣ. ಆದ್ದರಿಂದ ನೋಂದಣಿ ಮಾಡುವಾಗಲೇ ಕಚೇರಿಯ ನಂಬರು, ಕಚೇರಿಯ ಮೇಲ್ ವಿಳಾಸ ಕೊಟ್ಟುಬಿಡುವುದು. ಟ್ರಸ್ಟಿನ ಖಾತೆಗೆ ಆ ನಂಬರು ಹಾಕಿದವನು ಗಾಳೇಶನೇ, ಸುಭಾಷರ ಕೈಕೆಳಗೆ ಇದ್ದಾಗ. ಆಮೇಲೆ ಯಾರೋ ಓಟಿಪಿ ದುರುಪಯೋಗ ಮಾಡಿದ ಮೇಲೆ ಸುಭಾಷ್ ಆ ಫೋನನ್ನು ತಮ್ಮ ಅಂಗಿಯ ಕಿಸೆಗೆ ಸೇರಿಸಿದ್ದರು. ಮೇಲ್ ತೆರೆಯುವುದೂ ಅದರಲ್ಲೇ.

ಹೋದ ವರ್ಷ ಸುಭಾಷರಿಗೆ ಮೊಣಕಾಲಿನ ಆಪರೇಷನ್ ಆಗಿ ಆಡಿಟ್ ವರದಿ ತಡವಾಯಿತು. ಟ್ರಸ್ಟಿಗಳಲ್ಲೊಬ್ಬರಾದ ದೊಡ್ಡಬಸಪ್ಪ ಪಟ್ಟು ಹಿಡಿದು ಲೆಕ್ಕವನ್ನು ಗಂಗಾವತಿಗೆ ಕೊಡಿಸಿದರು. "ಸುಭಾಷ್ ಅವರಿಗೆ ಮುಖತಃ ಹೇಳಿ ಬಾ, ಗಾಳೇಶ. ಭಾಳ ವರ್ಷದ ಮನುಷ್ಯಾರು," ಎಂದಿದ್ದರು ಸಿಸ್ಟರ್. ಗಾಳೇಶ ಹೋಗಲಿಲ್ಲ. ಬೆರಳಚ್ಚೂ ಬಾರದ ತನ್ನನ್ನು ಕೂರಿಸಿಕೊಂಡು ಒಂಬತ್ತು ವರ್ಷ ಕೆಲಸ ಕಲಿಸಿದ ಮನುಷ್ಯನ ಎದುರು, ನೀವು ಬೇಡ ಎಂದು ಹೇಳುವುದು ಹೇಗೆ? ಈ ವಾರ, ಮುಂದಿನ ವಾರ ಎನ್ನುವಷ್ಟರಲ್ಲಿ ಸಹನಾಳ ರಿಜಿಸ್ಟರ್ಡ್ ಪತ್ರ ಹೋಗಿಬಿಟ್ಟಿತು. ಹಿಂದಿನ ಆಡಿಟರಿಗೆ ತಿಳಿಸದೆ ಹೊಸಬರು ಕೆಲಸ ಒಪ್ಪಿಕೊಳ್ಳುವಂತಿಲ್ಲ. ಸುಭಾಷರಿಗೆ ಸುದ್ದಿ ಮುಟ್ಟಿಸಿದ್ದು ಅಂಚೆಯವನು. ಅಲ್ಲಿಂದ ಮುಂದೆ ಅವರಿಗೆ ಫೋನ್ ಮಾಡಿ ಓಟಿಪಿ ಕೇಳುವ ಮಾತೇ ಗಾಳೇಶನ ಬಾಯಿಂದ ಹೊರಡಲಿಲ್ಲ. ಸಿಸ್ಟರ್ ಕೇಳಿದಾಗಲೆಲ್ಲ, "ಆಗೇತ್ರಿ," ಎಂದಿದ್ದ.

ಈಗ ಫೋನ್ ಮಾಡಿದ. ಸುಭಾಷರ ಸ್ವಂತದ ನಂಬರು ಸಿಗಲಿಲ್ಲ. ಶಫೀಸಾಬನನ್ನು ಕೇಳಿದ.

"ಸಾಣಾಪುರಕ್ಕ ಹೋಗ್ಯಾರ. ಅಲ್ಲೊಬ್ಬರ ಹೋಮ್‌ಸ್ಟೇ ಲೆಕ್ಕ ಐತಿ. ಬಂಡಿಗಲ್ಲಿನ ಸಂದ್ಯಾಗ ನೆಟ್‌ವರ್ಕ್ ಬರಂಗಿಲ್ಲ. ರಾತ್ರಿಗೇ ಬರೂದು."

"ಆ ಫೋನು?"

"ಅದನ್ನ ಬಿಟ್ಟು ಸಾಹೇಬ್ರು ಸ್ನಾನಕ್ಕೂ ಹೋಗಂಗಿಲ್ಲಲೇ."

ಗಂಗಾವತಿ ಬಸ್ಸು ತುಂಬಿತ್ತು. ತಾವರಗೇರಾ ದಾಟುವವರೆಗೂ ನಿಂತೇ ಇದ್ದ. ಹೊರಗೆ ಒಣ ನೆಲ, ದಾಳಿಂಬೆ ತೋಟಗಳ ಬಿಳಿ ಪರದೆ. ಕನಕಗಿರಿ ಹಿಂದೆ ಬಿದ್ದು ಎಷ್ಟೋ ಹೊತ್ತಾದ ಮೇಲೆ ಭತ್ತದ ಹಸಿರು. ಗಾಳೇಶನ ಕಣ್ಣು ಕಂಡಕ್ಟರನ ತಲೆಯ ಮೇಲಿನ ಗಡಿಯಾರದ ಮೇಲೇ. ಅದು ನಿಂತುಹೋಗಿದೆ ಎಂದು ಗೊತ್ತಾದ ಮೇಲೂ ಮತ್ತೆ ಮತ್ತೆ ಅದನ್ನೇ ನೋಡಿದ. ನಡುವೆ ಸಿಸ್ಟರ್ ಫೋನ್ ಬಂತು.

"ಎಲ್ಲಿ ಅದಿ? ಹೇಳದಂಗ ಹೋಗೀಯಲ್ಲ."

"ಗಂಗಾವತಿಗೆ ಹೊಂಟೀನ್ರಿ. ಸಣ್ಣ ಕೆಲಸ."

"ಆ ಅರ್ಜಿದು ಏನರ ಬಂತಾ? ಕಂಪನಿಯವರು ಕೇಳಾಕತ್ತಾರ."

"ಸಹನಾ ಮೇಡಂ ನೋಡಾಕತ್ತಾರ್ರಿ."

"ಹೂಂ. ಊಟಾ ಮಾಡು," ಎಂದು ಅವರು ಇಟ್ಟರು. ಗಾಳೇಶನಿಗೆ ಆ ಕೊನೆಯ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಹನಾ ಬಸ್ ನಿಲ್ದಾಣದ ಹೊರಗೆ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ. "ಹಿಂದ ಕೂಡ್ರಿ. ಮಾತು ಆಮ್ಯಾಲ," ಅಂದಳು. ಆನೆಗೊಂದಿಯ ರಸ್ತೆಯಲ್ಲಿ ಭತ್ತದ ಗದ್ದೆಗಳ ನಡುವೆ ಕಟಾವು ಯಂತ್ರಗಳು ಅಡ್ಡ ಬಂದವು. ಸಾಣಾಪುರದ ಕೆರೆಯ ಬಳಿ ಹರಿಗೋಲಿನವರು ಇವರನ್ನೂ ಪ್ರವಾಸಿಗರೆಂದು ತಿಳಿದು ಕೈ ಬೀಸಿದರು. ಹೋಮ್‌ಸ್ಟೇ ಸಿಕ್ಕಾಗ ಎರಡು ಗಂಟೆ ದಾಟಿತ್ತು.

ಸುಭಾಷ್ ಪಡಸಾಲೆಯಲ್ಲಿ ಆಪರೇಷನ್ ಆದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಮುಂದೆ ಬಿಲ್ಲುಗಳ ರಾಶಿ. ತಲೆ ಎತ್ತಿ ನೋಡಿದರು, ಆಶ್ಚರ್ಯಪಡಲಿಲ್ಲ.

"ಬರ್ರಿ ಕಾರ್ಯದರ್ಶಿಗಳೇ. ಚಾ ಹೇಳ್ಲಿ?"

"ಬ್ಯಾಡ್ರಿ ಸರ್."

"ಒಂಬತ್ತು ವರ್ಷ ಕುಡದಿ. ಈಗ ಬ್ಯಾಡಾತು." ಸಹನಾಳ ಕಡೆ ತಿರುಗಿದರು. "ರಿಜಿಸ್ಟರ್ ಪೋಸ್ಟ್ ಕಳಿಸಿದಾಕಿ ನೀನ ಏನವಾ?"

"ಹೌದ್ರಿ ಸರ್. ನಿಯಮದ ಪ್ರಕಾರ..."

"ನಿಯಮ ಸರಿ ಐತಿ. ಪತ್ರಾನೂ ಛಲೋ ಬರದಿದ್ದಿ. ನನ್ನ ತಕರಾರಿಲ್ಲ ಅಂತ ಉತ್ತರ ಹಾಕೇನಿ, ಮುಟ್ಟಿರಬೇಕು. ನನ್ನ ಮಾತು ನಿನಗಲ್ಲ, ಇವಗ. ಕುಷ್ಟಗಿಯಿಂದ ಕೊಪ್ಪಳಕ್ಕ ಬಸ್ ಬಂದ್ ಆಗಿದ್ವೇನೋ ಗಾಳ್ಯಾ?"

ಗಾಳೇಶ ನಿಂತೇ ನೋಟಿಸಿನ ವಿಷಯ ಹೇಳಿದ. ಹೇಳುವಾಗ ಶಫೀಸಾಬನ ಹೆಸರು ಬರದಂತೆ ನೋಡಿಕೊಂಡ. ಸುಭಾಷ್ ಅದನ್ನು ಕೇಳಲೂ ಇಲ್ಲ.

"ನಾ ನೋಡೇನಿ. ಮೊದಲನೇದೂ ನೋಡೇನಿ. ಲೆಕ್ಕ ಒಯ್ದವರು ಅದನ್ನೂ ಒಯ್ದಿರ್ತಾರ, ಹೊಸಾಕಿಗೂ ಕಂಡಿರ್ತೈತಿ ಅಂತ ಸುಮ್ಮನಾದೆ."

"ಅದು ಹೆಂಗ ಸರ್?" ಸಹನಾ ಕೇಳಿದಳು. ದನಿ ಏರಿರಲಿಲ್ಲ. "ನನ್ನನ್ನ ಸೇರಿಸಿದ್ರ ಓಟಿಪಿ ನಿಮ್ಮ ಫೋನಿಗೇ ಬರಬೇಕು. ಬಂದಿಲ್ಲಂದ್ರ ನನ್ನನ್ನ ಸೇರಿಸಿಲ್ಲ ಅಂತ ನಿಮಗೂ ಗೊತ್ತಿತ್ತು."

ಸುಭಾಷ್ ಕನ್ನಡಕ ತೆಗೆದು ಬಿಲ್ಲುಗಳ ಮೇಲಿಟ್ಟರು. 

"ಗೊತ್ತಿತ್ತು," ಅಂದರು. "ಕೇಳಾಕ ಬರ್ತಾರ ಅಂತ ಕಾದೆ. ಆ ಮಕ್ಕಳನ್ನ ನೋಡಿ ಬಂದಾವ ನಾನೂ. ಹಂಗ ಕಾಯಬಾರದಿತ್ತು."

ಕಿಸೆಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ಗಾಳೇಶ ಕೈ ಮುಂದೆ ಮಾಡಿದ. ಸುಭಾಷ್ ಅದರ ಮೇಲೆ ಅಂಗೈ ಊರಿದರು.

"ಓಟಿಪಿ ನಿನಗ ಕೊಡಂಗಿಲ್ಲ. ಲೆಕ್ಕ ಬಿಟ್ಟ ಮ್ಯಾಲ ಟ್ರಸ್ಟಿನ ಓಟಿಪಿ ಯಾರಿಗೆ ಬೇಕಾದ್ರ ಅವರಿಗೆ ಹೇಳಾಕ ನಾ ಯಾರು? ಸಿಸ್ಟರ್ ತಾವ ಹೇಳ್ಲಿ. ಒಂದು ಮಾತು ಸಾಕು. ಫೋನ್ ಹಚ್ಚು."

ಗಾಳೇಶ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಏನು? ಸಿಸ್ಟರ್‌ಗೆ ಗೊತ್ತಿಲ್ಲೇನು?"

"ಇಲ್ರಿ."

"ನೋಟಿಸು ಬಂದಿದ್ದು?"

"ಯಾವುದೂ ಗೊತ್ತಿಲ್ರಿ. ಮೇಡಂನ ಸೇರ್ಸಿ ಆಗೇತಿ ಅಂತ ಹೇಳೇನಿ."

ಸಹನಾ ಅವನತ್ತ ನೋಡಿದಳು. ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. "ಇಲ್ಲಿ ನೆಟ್‌ವರ್ಕ್ ಇಲ್ಲ. ಮ್ಯಾಲಿನ ರಸ್ತೆಗೆ ಹೋಗೂಣು. ಸರ್, ನಡೀತೀರಿ?"

ಮೇಲಿನ ರಸ್ತೆ ಇನ್ನೂರು ಹೆಜ್ಜೆ ಇದ್ದೀತು. ಸುಭಾಷ್ ಗಾಳೇಶನ ಹೆಗಲು ಹಿಡಿದು ಏರಿದರು. ಎಳನೀರಿನ ಗಾಡಿಯ ಪಕ್ಕದಲ್ಲಿ ಸಿಗ್ನಲ್ ಬಂತು. ಎಳನೀರು ಮಾರುತ್ತಿದ್ದ ಮುದಕಮ್ಮ ತನ್ನ ಕಲ್ಲು ಬಿಟ್ಟುಕೊಟ್ಟು, "ಕಾಲು ನೋವಿನವರು ಕೂಡ್ರಿ," ಅಂದಳು. ಸುಭಾಷ್ ಕೂತರು. ಗಾಳೇಶ ಸಿಸ್ಟರಿಗೆ ಫೋನ್ ಮಾಡಿದ.

ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಚದುರಿ ಹೋದವು. ಆಗಸ್ಟಿನಲ್ಲಿ ಕೊಪ್ಪಳಕ್ಕೆ ಹೋಗಲಿಲ್ಲ ಎಂಬಲ್ಲಿಂದ ಶುರು ಮಾಡಿ, ಆಗೇತಿ ಅಂದದ್ದು ಸುಳ್ಳು ಎಂಬಲ್ಲಿಗೆ ತಂದು ನಿಲ್ಲಿಸಿದ. ಆ ಕಡೆ ಮಗುವೊಂದು ಅಳುತ್ತಿತ್ತು. ಸಿಸ್ಟರ್ ಯಾರಿಗೋ ಅದನ್ನು ಎತ್ತಿಕೊಳ್ಳಲು ಹೇಳಿದ್ದು ಕೇಳಿಸಿತು.

"ಎಷ್ಟೊತ್ತಿನ ತನಕ ಐತಿ?"

"ಐದೂವರಿ ತನಕ್ರಿ."

"ಸುಭಾಷ್ ಅವರಿಗೆ ಕೊಡು."

ಸುಭಾಷ್ ಸ್ಪೀಕರ್ ಹಾಕಿದರು. "ಹೇಳ್ರಿ ಸಿಸ್ಟರ್."

"ನಾ ಬಂದು ನಿಮಗ ಹೇಳಬೇಕಿತ್ತು. ಇವನ ಮ್ಯಾಲ ಹಾಕಿ ಕೂತೆ. ಅದು ನನ್ನದು. ಮಕ್ಕಳ ಕೆಲಸ ಹಾಳಾಗಬಾರದು."

"ಆಗಂಗಿಲ್ರಿ. ಸಹನಾನ್ನ ಸೇರಸಾಕ ನಿಮ್ಮ ಒಪ್ಪಿಗಿ ಐತಿ?"

"ಐತಿ. ಇನ್ನೊಂದು ಮಾತು. ಆ ಖಾತೆದಾಗ ನಂಬರು ನನ್ನದು ಹಾಕ್ರಿ. ನಾ ಹೊಲದಾಗೂ ಇರಂಗಿಲ್ಲ, ಮದುವ್ಯಾಗೂ ಇರಂಗಿಲ್ಲ."

ಮುದಕಮ್ಮ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಸಹನಾ ಮೈಲಿಗಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಪಾಸ್‌ವರ್ಡನ್ನು ಸುಭಾಷ್ ಬಾಯಿಪಾಠ ಹೇಳಿದರು. ಟ್ರಸ್ಟಿನ ಲಾಗಿನ್ ತೆರೆಯಿತು. ಇ-ಪ್ರೊಸೀಡಿಂಗ್ಸ್ ಎಂಬಲ್ಲಿ ಆ ನೋಟಿಸಿನ ಎದುರಿಗೇ ಅಧಿಕೃತ ಪ್ರತಿನಿಧಿಯನ್ನು ಸೇರಿಸುವ ಜಾಗವಿತ್ತು. ತನ್ನ ವಿವರ ತುಂಬಿ, ಆಗಸ್ಟಿನ ಅಧಿಕಾರ ಪತ್ರದ ಸ್ಕ್ಯಾನ್ ಏರಿಸಿ, ಮುಂದಕ್ಕೆ ಒತ್ತಿದಳು. ಮೂವರೂ ಫೋನಿನತ್ತ ನೋಡಿದರು. ಓಟಿಪಿ ಬರಲಿಲ್ಲ. ಸುಭಾಷ್ ಫೋನನ್ನು ಮೇಲಕ್ಕೆತ್ತಿದರು, ಗಾಳೇಶ ಅದನ್ನು ಇಸಿದುಕೊಂಡು ರಸ್ತೆಯ ಆಚೆ ಬದಿಗೆ ಓಡಿದ, ಮತ್ತೆ ಈಚೆ ಬಂದ. ಪ್ರವಾಸಿಗರ ಒಂದು ಬಸ್ಸು ಹಾರ್ನ್ ಹೊಡೆಯಿತು. ಎರಡನೆಯ ಸಲ ಕಳಿಸಿದಾಗ ಬಂತು.

"ಓದ್ರಿ," ಅಂದಳು ಸಹನಾ. ಗಾಳೇಶ ಫೋನನ್ನು ಸುಭಾಷರ ಕೈಗೆ ಕೊಟ್ಟ. ಅವರೇ ಓದಿದರು.

ಆಮೇಲೆ ಅವಳು ಆ ಲಾಗಿನ್ನಿನಿಂದ ಹೊರಬಂದು ತನ್ನದರಲ್ಲಿ ಹೋದಳು. ಪ್ರತಿನಿಧಿಯಾಗಿ ನೋಡುವ ಪಟ್ಟಿಯಲ್ಲಿ ಟ್ರಸ್ಟಿನ ಹೆಸರು ಈಗ ಇತ್ತು. ನೋಟಿಸು ಕೇಳಿದ್ದು ಟ್ರಸ್ಟ್ ಡೀಡು, ಮೂರು ವರ್ಷದ ಲೆಕ್ಕ, ಚಟುವಟಿಕೆಗಳ ವಿವರ ಮತ್ತು ಪುರಾವೆ, ದಾನಿಗಳ ಹೆಸರು ವಿಳಾಸ. ಡೀಡು ಅವಳ ಬಳಿ ಇತ್ತು. ಹೋದ ವರ್ಷದ ಲೆಕ್ಕವೂ ಇತ್ತು.

"ಅದರ ಹಿಂದಿನ ಎರಡು ವರ್ಷದ್ದು?"

"ಕೆಳಗ ನನ್ನ ಚೀಲದಾಗ ಅದಾವ," ಅಂದರು ಸುಭಾಷ್. "ಗಾಳ್ಯಾ, ಕರೀ ಚೀಲ. ಎಡಕ್ಕಿನ ಕಿಸೇದಾಗ ಪೆನ್‌ಡ್ರೈವ್. ಓಡು."

ಅವನು ಓಡಿದ. ತಂದು ಕೊಟ್ಟು, ತನ್ನ ಫೋನಿನಲ್ಲಿದ್ದ ಕೇಂದ್ರದ ಫೋಟೋಗಳನ್ನು ಆರಿಸಿ ಕಳಿಸಿದ. ಚಟುವಟಿಕೆಗಳ ಟಿಪ್ಪಣಿಯನ್ನು ಅವನು ಹೇಳಿದ, ಸಹನಾ ಬೆರಳಚ್ಚು ಮಾಡಿದಳು, ಸುಭಾಷ್ ಅಲ್ಲಲ್ಲಿ ತಿದ್ದಿದರು. "ಸೇವೆ, ತ್ಯಾಗ ಅಂತೆಲ್ಲ ಬರೀಬ್ಯಾಡ. ಎಷ್ಟು ಮಕ್ಕಳು, ವಾರಕ್ಕ ಎಷ್ಟು ದಿನ, ಯಾರು ಹೇಳಿಕೊಡ್ತಾರ, ಅಷ್ಟ ಬರಿ. ಅವರು ಕೇಳೂದು ಅದನ್ನ."

ದಾನಿಗಳ ಪಟ್ಟಿ ಮಾತ್ರ ಕುಷ್ಟಗಿಯ ಕಂಪ್ಯೂಟರಿನಲ್ಲಿತ್ತು, ವಿಳಾಸಗಳು ಅರ್ಧಕ್ಕರ್ಧ ಇರಲಿಲ್ಲ.

"ಪಟ್ಟಿ ಬಿಟ್ಟು ಕೈಯಾಗ ಇದ್ದಷ್ಟು ಕೊಟ್ಟು ಪಾರ್ಶಿಯಲ್ ಅಂತ ಕಳಿಸ್ತೀನಿ," ಅಂದಳು ಸಹನಾ. "ಉಳಿದದ್ದಕ್ಕ ಕಾಲಾವಕಾಶ ಕೇಳ್ತೀನಿ. ಕಡೀ ಅವಕಾಶ ಅಂದಾರ, ಕೊಡ್ತಾರಂತ ಹೇಳಾಕ ಬರಂಗಿಲ್ಲ."

"ಕಾರಣ ಏನು ಬರೀತಿ?" ಸುಭಾಷ್ ಕೇಳಿದರು.

"ನೋಟಿಸು ಹಿಂದಿನ ಪ್ರತಿನಿಧಿಯ ವಿಳಾಸಕ್ಕ ಹೋಗಿತ್ತು, ಟ್ರಸ್ಟಿಗೆ ಇವತ್ತ ತಿಳೀತು. ಖರೇನ ಬರೀತೀನಿ ಸರ್."

ಅವರು, "ಬರಿ," ಅಂದರು.

ಲ್ಯಾಪ್‌ಟಾಪಿನ ಬ್ಯಾಟರಿ ಕೆಂಪಾಗಿತ್ತು. ಬಿಸಿಲು ಪರದೆಯ ಮೇಲೆ ಬೀಳುತ್ತಿದ್ದುದರಿಂದ ಗಾಳೇಶ ತನ್ನ ಟವೆಲ್ಲು ಬಿಚ್ಚಿ ನೆರಳು ಹಿಡಿದು ನಿಂತಿದ್ದ. ಒಂದು ಕಡತ ಏರದೆ ನಿಂತಿತು, ಮತ್ತೊಮ್ಮೆ ಏರಿಸಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಉತ್ತರ ಸಲ್ಲಿಕೆಯಾದ ಸಂಖ್ಯೆ ತೆರೆಯ ಮೇಲೆ ಬಂತು. ಕಾಲಾವಕಾಶದ ಕೋರಿಕೆಯೂ ಹೋಯಿತು. ಸಹನಾ ಎರಡರ ಫೋಟೋ ತೆಗೆದು ಸಿಸ್ಟರಿಗೆ ಕಳಿಸಿದಳು, ಗಾಳೇಶನಿಗಲ್ಲ.

ಮತ್ತೆ ಟ್ರಸ್ಟಿನ ಲಾಗಿನ್ ತೆರೆದು ನಂಬರು ಬದಲಿಸುವಾಗ ಓಟಿಪಿ ಕುಷ್ಟಗಿಗೆ ಹೋಯಿತು. ಸಿಸ್ಟರ್ ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿ ಹೇಳಿದರು, ಔಷಧಿಯ ಪ್ರಮಾಣ ಹೇಳುವಂತೆ.

ಇಳಿಯುವಾಗ ಸುಭಾಷ್ ಮತ್ತೆ ಗಾಳೇಶನ ಹೆಗಲು ಹಿಡಿದರು. "ಇನ್ನೂ ಮೂವತ್ತು ಕಕ್ಷಿದಾರರ ಓಟಿಪಿ ಇದಕ್ಕ ಬರ್ತಾವ," ಅಂದರು, ಕಿಸೆ ತಟ್ಟಿಕೊಂಡು. ಅದು ದೂರೋ ಹೆಮ್ಮೆಯೋ ಗಾಳೇಶನಿಗೆ ತಿಳಿಯಲಿಲ್ಲ.

ಗುರುವಾರ ಇಲಾಖೆಯ ಮುಂದಿನ ನೋಟಿಸು ಬಂತು. ಶೋಭಾರಾಣಿಯವರ ಫೋನಿಗೂ ಬಂತು, ಸಹನಾಳ ಲಾಗಿನ್ನಿನಲ್ಲೂ ಕಾಣಿಸಿತು. ಉಳಿದ ವಿವರಕ್ಕೆ ಎಂಟು ದಿನದ ಅವಕಾಶ ಸಿಕ್ಕಿತ್ತು. ಆ ವಾರವೆಲ್ಲ ಗಾಳೇಶ ಯಲಬುರ್ಗಾ, ಕುಷ್ಟಗಿ ತಾಲೂಕುಗಳ ಊರೂರು ತಿರುಗಿ ದಾನಿಗಳ ವಿಳಾಸ ಬರೆದುಕೊಂಡು ಬಂದ. ಸಿಸ್ಟರ್ ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಉತ್ತರ ಗಡುವಿನ ಹಿಂದಿನ ದಿನ ಹೋಯಿತು. ಡಿಸೆಂಬರ್ ಹತ್ತೊಂಬತ್ತರಂದು ಟ್ರಸ್ಟಿನ ಕಾಯಂ ನೋಂದಣಿಯ ಆದೇಶ ಬಂತು.